ವಿಷಯ: ಕ್ವಾಲಿಟಿ ಮ್ಯಾನೇಜರ್ ಹುದ್ದೆಯ ಆಫರ್ – ಸಂಬಳದ ಬಗ್ಗೆ ನನ್ನ ಕೋರಿಕೆ

ಶೈಲಜಾ ಮೇಡಂ ಅವರಿಗೆ ನಮಸ್ಕಾರ,

ಸೋಮವಾರ ನೀವು ಕಳಿಸಿದ ಆಫರ್ ಲೆಟರ್ ತಲುಪಿತು. ತುಂಬಾ ಖುಷಿಯಾಯಿತು. ದಾಬಸ್‌ಪೇಟೆಯ ಒಣಮೆಣಸಿನಕಾಯಿ ಫ್ಯಾಕ್ಟರಿಗೆ ಕರೆಸಿ, ಲ್ಯಾಬು, ಗೋದಾಮು, ಗ್ರೈಂಡಿಂಗ್ ಲೈನು ಎಲ್ಲವನ್ನೂ ಸಮಾಧಾನವಾಗಿ ತೋರಿಸಿದಿರಿ. ಪ್ಲಾಂಟ್ ಹೆಡ್ ಅವರೂ ನನ್ನ ಪ್ರಶ್ನೆಗಳಿಗೆಲ್ಲ ನೇರವಾಗಿ ಉತ್ತರ ಕೊಟ್ಟರು. ಈ ಕೆಲಸ ನನಗೆ ಬೇಕು. ಆದರೆ ಆಫರ್‌ನಲ್ಲಿರುವ ಮೊತ್ತಕ್ಕೆ ಒಪ್ಪಿಕೊಳ್ಳುವುದು ನನಗೆ ಕಷ್ಟ. ತಿಂಗಳಿಗೆ 50,000 ಗ್ರಾಸ್ ಇರುವುದನ್ನು 60,000 ಮಾಡಿಕೊಡಬೇಕೆಂದು ಕೇಳಲು ಈ ಮೇಲ್ ಬರೆಯುತ್ತಿದ್ದೇನೆ.

ಮೊದಲು ಆಫರ್ ಅನ್ನು ನಾನು ಹೇಗೆ ಓದಿಕೊಂಡೆ ಎಂದು ಹೇಳುತ್ತೇನೆ. ತಪ್ಪಿದ್ದರೆ ತಿದ್ದಿ. ವರ್ಷಕ್ಕೆ ಸಿಟಿಸಿ 7,20,000. ಅದರಲ್ಲಿ ಕಂಪನಿ ಕಡೆಯ ಪಿಎಫ್ 21,600, ಗ್ರಾಚ್ಯುಟಿ 17,316, ಗ್ರೂಪ್ ಇನ್ಶೂರೆನ್ಸ್ 9,084, ವೇರಿಯಬಲ್ 72,000. ಇಷ್ಟನ್ನೂ ತೆಗೆದರೆ ಉಳಿಯುವುದು 6,00,000. ಅಂದರೆ ತಿಂಗಳಿಗೆ 50,000. ಅದರಲ್ಲಿ ನನ್ನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋದರೆ ಕೈಗೆ ಬರುವುದು 48,000. ಹೊಸ ಪದ್ಧತಿಯಲ್ಲಿ ಈ ಮಟ್ಟದ ಸಂಬಳಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ವೇರಿಯಬಲ್ ವರ್ಷದ ಕೊನೆಗೆ, ಕಂಪನಿಯ ಲಾಭ ನೋಡಿಕೊಂಡು ಕೊಡುವುದು ಎಂದು ಲೆಟರ್‌ನಲ್ಲೇ ಇದೆ. ಅದನ್ನು ನಂಬಿಕೊಂಡು ತಿಂಗಳ ಖರ್ಚು ನಡೆಸಲು ಆಗುವುದಿಲ್ಲ ಅಲ್ವಾ?

ಈಗ ಕೆಲಸದ ವಿಷಯ. ನನ್ನ ಕೋರಿಕೆಗೆ ಮುಖ್ಯ ಕಾರಣ ಇದೇ.

ನಾನು ಅರ್ಜಿ ಹಾಕಿದಾಗ ಜಾಹೀರಾತಿನಲ್ಲಿ ಇದ್ದದ್ದು ಒಂದು ಪ್ಲಾಂಟಿನ ದಿನನಿತ್ಯದ ಕ್ವಾಲಿಟಿ ಚೆಕ್ ಮಾತ್ರ. ಎರಡನೇ ಇಂಟರ್‌ವ್ಯೂ ಹೊತ್ತಿಗೆ ಮಾತು ಬೇರೆಯಾಯಿತು. ಯುರೋಪಿಗೆ ಹೋಗುವ ಲಾಟ್‌ಗಳಿಗೆ ಕೊನೆಯ ಸಹಿ ನನ್ನದೇ. ಲ್ಯಾಬಿಗೆ ಎನ್‌ಎಬಿಎಲ್ ಮಾನ್ಯತೆ ಪಡೆಯುವ ಕೆಲಸವೂ ನನ್ನದೇ. ಸೀಸನ್‌ನಲ್ಲಿ ಬ್ಯಾಡಗಿಗೆ ಬಂದು ಖರೀದಿ ತಂಡದ ಜೊತೆ ನಿಂತು ಮಾಲು ಆರಿಸಬೇಕು. ಇದೆಲ್ಲ ಕೇಳಿ ನನಗೆ ಉತ್ಸಾಹ ಹೆಚ್ಚಿತೇ ಹೊರತು ಬೇಸರ ಆಗಲಿಲ್ಲ. ಆದರೆ ಆಫರ್‌ನ ಮೊತ್ತ ಜಾಹೀರಾತಿನ ಕೆಲಸಕ್ಕೆ ಹೊಂದುತ್ತದೆ, ನೀವು ವಿವರಿಸಿದ ಕೆಲಸಕ್ಕೆ ಹೊಂದುವುದಿಲ್ಲ.

ಯುರೋಪಿನಲ್ಲಿ ಒಣಮೆಣಸಿನಕಾಯಿಗೆ ಬೂಸ್ಟಿನ ವಿಷ ಅಫ್ಲಾಟಾಕ್ಸಿನ್ ಬಿ1 ಮಿತಿ ಕಿಲೋಗೆ 5 ಮೈಕ್ರೋಗ್ರಾಂ, ಒಟ್ಟು ಅಫ್ಲಾಟಾಕ್ಸಿನ್ 10. ಅದನ್ನು ಮೀರಿದರೆ ಆ ಮಾಲು ಅಲ್ಲಿ ಒಳಗೆ ಹೋಗುವುದಿಲ್ಲ. ಆಮೇಲೆ ಹಡಗಿನ ಬಾಡಿಗೆ, ಬಂದರಿನ ಶುಲ್ಕ, ಗಿರಾಕಿಯ ನಂಬಿಕೆ ಎಲ್ಲಾ ನಷ್ಟ. ಆ ಸಹಿಯ ಭಾರ ಎಷ್ಟೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈ ತೊಂದರೆಯನ್ನು ಲ್ಯಾಬಿಗೆ ಬರುವ ಮೊದಲೇ ತಡೆಯಬೇಕು, ಮಾರುಕಟ್ಟೆಯಲ್ಲೇ. ತೂಕ ಬರಲಿ ಎಂದು ನೀರು ಚಿಮುಕಿಸಿದ ಕಾಯಿ ಮೇಲೆ ಚೆನ್ನಾಗಿ ಹೊಳೆಯುತ್ತದೆ. ಆದರೆ ತೊಟ್ಟಿನ ಹತ್ತಿರ ಒತ್ತಿದರೆ ಮೆತ್ತಗಿರುತ್ತದೆ, ಅಲ್ಲಾಡಿಸಿದರೆ ಒಳಗೆ ಬೀಜದ ಸದ್ದು ಬರುವುದಿಲ್ಲ. ಚೀಲದ ಬಾಯಲ್ಲಿ ಒಣಗಿದ ಕಾಯಿ ಇಟ್ಟು ನಡುವೆ ಹಸಿ ಕಾಯಿ ತುಂಬಿದ್ದನ್ನೂ ನೋಡಿದ್ದೇನೆ. ಎಫ್‌ಎಸ್‌ಎಸ್‌ಎಐ ಮಿತಿಯ ಶೇ. 11 ತೇವಾಂಶ ದಾಟಿದ ಚೀಲ ಗೋದಾಮಿಗೆ ಹೋಯಿತೆಂದರೆ ಬೂಸ್ಟು ಹಿಡಿಯಲು ಅಷ್ಟೇ ಸಾಕು. ಸೋಮವಾರ, ಗುರುವಾರದ ಟೆಂಡರ್ ದಿನಗಳಲ್ಲಿ ಅಂಗಡಿಯಿಂದ ಅಂಗಡಿಗೆ ಓಡಾಡಿ, ಚೀಲದ ನಡುವಿನಿಂದ ಸ್ಯಾಂಪಲ್ ತೆಗೆಯುವುದು ನನಗೆ ರೂಢಿ. ಡಬ್ಬಿ, ಕಡ್ಡಿ ಎರಡೂ ತಳಿಗಳಲ್ಲಿ ಬಣ್ಣ ಎಷ್ಟು ಬರಬಹುದು, ಕೋಲ್ಡ್ ಸ್ಟೋರೇಜಿನಿಂದ ಬಂದ ಹಳೇ ಮಾಲಿನಲ್ಲಿ ಎಷ್ಟು ಇಳಿದಿರಬಹುದು ಎಂದು ಮೊದಲು ಕಣ್ಣಲ್ಲಿ ಅಂದಾಜು ಮಾಡಿ, ಆಮೇಲೆ ಲ್ಯಾಬಿನ ಆಸ್ಟಾ ರೀಡಿಂಗ್ ಜೊತೆ ಹೋಲಿಸಿ ನೋಡುವುದು ಒಂಬತ್ತು ವರ್ಷದಿಂದ ನನ್ನ ಕೆಲಸ. ಲ್ಯಾಬೂ ಗೊತ್ತು, ಮಾರುಕಟ್ಟೆಯೂ ಗೊತ್ತು ಎನ್ನುವವರು ಕಡಿಮೆ ಎಂದು ಇಂಟರ್‌ವ್ಯೂನಲ್ಲಿ ಪ್ಲಾಂಟ್ ಹೆಡ್ ಅವರೇ ಹೇಳಿದರು. ಆ ಮಾತು ಸಂಬಳದಲ್ಲೂ ಕಾಣಲಿ ಎಂಬುದು ನನ್ನ ಆಸೆ.

ನನ್ನ ಈಗಿನ ಸ್ಥಿತಿಯನ್ನೂ ಮುಚ್ಚಿಡುವುದಿಲ್ಲ. ಇಲ್ಲಿ ಕೈಗೆ 43,000 ಬರುತ್ತದೆ, ಕಂಪನಿ ಕ್ವಾರ್ಟರ್ಸ್‌ನಲ್ಲಿ ಬಾಡಿಗೆ ಇಲ್ಲದೆ ಇದ್ದೇನೆ. ದಾಸರಹಳ್ಳಿ ಕಡೆ ನನಗೂ ಅಮ್ಮನಿಗೂ ಆಗುವಂಥ ಮನೆ ವಿಚಾರಿಸಿದೆ. ಬಾಡಿಗೆ 18,000, ಅಡ್ವಾನ್ಸ್ ಒಂದೂವರೆ ಲಕ್ಷ ಹೇಳಿದರು. ನಿಮ್ಮ ಆಫರ್‌ನಲ್ಲಿ ಬಾಡಿಗೆ ಕಳೆದರೆ ನನ್ನ ಕೈಯಲ್ಲಿ 30,000 ಉಳಿಯುತ್ತದೆ. ಈಗಿರುವುದಕ್ಕಿಂತ 13,000 ಕಡಿಮೆ. ನಾನು ಕೇಳುತ್ತಿರುವ 60,000 ಕೊಟ್ಟರೂ ಬಾಡಿಗೆ ಹೋಗಿ 40,000 ಉಳಿಯುತ್ತದೆ, ಆಗಲೂ ಇಲ್ಲಿಗಿಂತ ಕಡಿಮೆಯೇ. ಬಾಡಿಗೆ ನನ್ನ ಖರ್ಚು, ಅದನ್ನು ಪೂರ್ತಿ ನಿಮ್ಮ ಮೇಲೆ ಹಾಕುವುದು ಸರಿಯಲ್ಲ. ಮೂರು ಸಾವಿರ ಬಿಟ್ಟುಕೊಟ್ಟು ಬರಲು ನಾನು ತಯಾರಿದ್ದೇನೆ, ಏಕೆಂದರೆ ಎಕ್ಸ್‌ಪೋರ್ಟ್ ಲ್ಯಾಬ್ ಕಟ್ಟುವ ಅವಕಾಶ ಇಲ್ಲಿ ನನಗಿಲ್ಲ. ಹದಿಮೂರು ಸಾವಿರ ಬಿಡುವಷ್ಟು ಶಕ್ತಿ ಮಾತ್ರ ನನಗಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟು: ಗ್ರಾಸ್ ತಿಂಗಳಿಗೆ 60,000, ಬೇಸಿಕ್ ಈಗಿರುವ ಹಾಗೆ ಅದರ ಶೇ. 60. ವೇರಿಯಬಲ್ 72,000 ಹಾಗೇ ಇರಲಿ, ಅದನ್ನು ಜಾಸ್ತಿ ಮಾಡಿ ಎಂದು ಕೇಳುತ್ತಿಲ್ಲ. ಗ್ರಾಚ್ಯುಟಿಯ ಸಣ್ಣ ಏರಿಕೆಯೂ ಸೇರಿ ಸಿಟಿಸಿ ಸುಮಾರು 8,43,000 ಆಗುತ್ತದೆ.

ಈ ಗ್ರೇಡಿಗೆ ಒಂದೇ ಸಲ ಅಷ್ಟು ಏರಿಸಲು ಬಜೆಟ್ ಬಿಡುವುದಿಲ್ಲ ಎಂದರೆ ಇನ್ನೊಂದು ದಾರಿ ಇದೆ. ಸೇರುವಾಗ 56,000 ಕೊಡಿ. ಆರು ತಿಂಗಳ ಪ್ರೊಬೇಷನ್ ಮುಗಿದು ಕನ್ಫರ್ಮ್ ಆದ ತಿಂಗಳಿಂದ 60,000 ಎಂದು ಆಫರ್ ಲೆಟರ್‌ನಲ್ಲೇ ಬರೆಯಿರಿ. ಆಗ ಮನೆ ಅಡ್ವಾನ್ಸಿಗೆ ಒಂದು ಲಕ್ಷ ಬಡ್ಡಿ ಇಲ್ಲದ ಸಾಲ ಕೊಟ್ಟು, ಹತ್ತು ತಿಂಗಳಲ್ಲಿ ಸಂಬಳದಿಂದ ಹಿಡಿದುಕೊಂಡರೆ ಸಾಕು. ಬಾಯಿಮಾತಲ್ಲಿ "ಆರು ತಿಂಗಳಾದ ಮೇಲೆ ನೋಡೋಣ" ಎನ್ನುವುದಕ್ಕೆ ಮಾತ್ರ ನಾನು ಒಪ್ಪಲಾರೆ. ನಿಮ್ಮ ಮೇಲೆ ಅನುಮಾನ ಇದ್ದು ಹೇಳುತ್ತಿಲ್ಲ ಮೇಡಂ. ಅಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೆಯವರು ಇರಬಹುದು, ಅವರಿಗೆ ನಮ್ಮ ಮಾತು ಗೊತ್ತಿರುವುದಿಲ್ಲ.

ಜೊತೆಗೆ ಒಂದು ಪ್ರಶ್ನೆ. ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಅಮ್ಮನನ್ನು ಸೇರಿಸಬಹುದೇ? ಹೆಚ್ಚಿನ ಪ್ರೀಮಿಯಂ ನಾನೇ ಕಟ್ಟುತ್ತೇನೆ. ಅವರಿಗೆ ಶುಗರ್ ಇದೆ, ಹೊರಗೆ ಹೊಸ ಪಾಲಿಸಿ ಮಾಡಿಸಿದರೆ ಕಾಯುವ ಅವಧಿ ಹಾಕುತ್ತಾರೆ.

ಬೇರೆ ಕಂಪನಿಯ ಆಫರ್ ನನ್ನ ಹತ್ತಿರ ಇಲ್ಲ, ಸುಮ್ನೆ ಇದೆ ಎಂದು ಹೇಳುವುದೂ ಇಲ್ಲ. ನನ್ನ ಈಗಿನ ಪೇ ಸ್ಲಿಪ್‌ಗಳನ್ನು ಇದರ ಜೊತೆ ಲಗತ್ತಿಸಿದ್ದೇನೆ.

ನಿಮ್ಮ ಆಫರ್‌ಗೆ ಶುಕ್ರವಾರ ಕೊನೆಯ ದಿನ. ಗುರುವಾರ ಸಂಜೆಯೊಳಗೆ ನಿಮ್ಮ ಉತ್ತರ ಸಿಕ್ಕರೆ ಅನುಕೂಲ. ಪ್ಲಾಂಟ್ ಹೆಡ್ ಅಥವಾ ಫೈನಾನ್ಸ್‌ನವರ ಜೊತೆ ಮಾತಾಡಲು ಇನ್ನೂ ಒಂದೆರಡು ದಿನ ಬೇಕಾದರೆ ದಯವಿಟ್ಟು ಆಫರ್‌ನ ದಿನಾಂಕವನ್ನು ಮುಂದಕ್ಕೆ ಹಾಕಿ ಒಂದು ಸಾಲು ಕಳಿಸಿ. ಮೇಲಿನ ಎರಡರಲ್ಲಿ ಯಾವುದಾದರೂ ಒಂದಕ್ಕೆ ತಿದ್ದಿದ ಲೆಟರ್ ಬಂದರೆ ಅದೇ ದಿನ ಸಹಿ ಮಾಡಿ ಕಳಿಸಿ, ಮರುದಿನವೇ ಇಲ್ಲಿ ರಾಜೀನಾಮೆ ಕೊಡುತ್ತೇನೆ. ನೋಟಿಸ್ ಅವಧಿ 60 ದಿನ. ಫೋನ್‌ನಲ್ಲಿ ಮಾತಾಡುವುದಾದರೆ ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ, ಇಲ್ಲವೇ ಸಂಜೆ ಆರರ ನಂತರ ನಾನು ಸಿಗುತ್ತೇನೆ. ಗುರುವಾರ ಟೆಂಡರ್ ದಿನ, ಅಂದು ಮಾತ್ರ ಸಂಜೆ ಏಳರ ಮೇಲೆ ಮಾಡಿ.

ವಂದನೆಗಳೊಂದಿಗೆ,
ಸವಿತಾ
ಬ್ಯಾಡಗಿ