ಬಲ ಮಂಡಿ ಚಿಪ್ಪಿನ ಮುರಿತದ ನಂತರ: 15 ಸೆಷನ್‌ಗಳ ಪ್ರಗತಿ ದಾಖಲೆ

ಅವಧಿ: 12-8-2024ರಿಂದ 7-10-2024
ಸ್ಥಳ: ತೀರ್ಥಹಳ್ಳಿ
ಯಾರಿಗೆ: ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ಮೂಳೆ ವೈದ್ಯರಿಗೆ, ಒಂದು ಪ್ರತಿ ಮನೆಯವರಿಗೆ

ರೋಗಿಯ ವಿವರ

52 ವರ್ಷದ ಮಹಿಳೆ. ತೋಟದ ಕೆಲಸ, ಸೀಸನ್ನಿನಲ್ಲಿ ಅಡಿಕೆ ಸುಲಿಯುವುದು. ಜುಲೈ 8ರಂದು ಮಳೆಯಲ್ಲಿ ಹಳ್ಳದ ಸಂಕ ದಾಟುವಾಗ ಹಾವಸೆಗೆ ಕಾಲು ಜಾರಿ ಬಲ ಮಂಡಿ ಕಲ್ಲಿಗೆ ಬಡಿದು ಚಿಪ್ಪು ಅಡ್ಡಲಾಗಿ ಮುರಿದಿದೆ. ಜುಲೈ 10ರಂದು ಪಿನ್ನು, ತಂತಿ ಹಾಕಿ ಚಿಪ್ಪನ್ನು ಬಿಗಿಯುವ ಟೆನ್ಷನ್ ಬ್ಯಾಂಡ್ ವೈರಿಂಗ್ ಆಗಿದೆ. ಸಕ್ಕರೆ ಕಾಯಿಲೆ, ಬಿಪಿ ಇಲ್ಲ. ಐದನೇ ವಾರದಲ್ಲಿ ನಮ್ಮಲ್ಲಿಗೆ ಬಂದರು. ಆಗ ಮಂಡಿಯನ್ನು 60 ಡಿಗ್ರಿಗಿಂತ ಹೆಚ್ಚು ಮಡಚಬಾರದು ಎಂಬ ಸೂಚನೆ ಇತ್ತು. ಆಗಸ್ಟ್ 23ರ ಎಕ್ಸ್‌ರೇ ನೋಡಿದ ಮೇಲೆ ವೈದ್ಯರು ಆ ಮಿತಿ ತೆಗೆದರು.

ಗುರಿಗಳು

ಮೊದಲ ದಿನ ಗುರಿ ಕೇಳಿದಾಗ ಅವರು ಡಿಗ್ರಿ ಹೇಳಲಿಲ್ಲ. "ದೀಪಾವಳಿ ಕಳೆದ ಮೇಲೆ ಮೆಟ್ಟುಗತ್ತಿ ಮೇಲೆ ಕೂರ್ಲಿಕ್ಕೆ ಆಗ್ಬೇಕು" ಅಂದರು. ಉಳಿದ ಗುರಿಗಳನ್ನು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಬರೆದುಕೊಂಡೆ.

ಮೂರು ವಾರದಲ್ಲಿ: ಊರುಗೋಲು ಬಿಟ್ಟು ಮನೆಯೊಳಗೆ ಓಡಾಟ, ಕಾಲು ನೇರ ಎತ್ತಿದಾಗ ಮಂಡಿ ಜೋತು ಬೀಳುವುದು 5 ಡಿಗ್ರಿಯೊಳಗೆ ಬರಬೇಕು.
ಆರು ವಾರದಲ್ಲಿ: ಸುಮಾರು 100 ಡಿಗ್ರಿ ಮಡಚುವುದು, ಬಚ್ಚಲುಮನೆಯ ನಾಲ್ಕು ಮೆಟ್ಟಿಲನ್ನು ಕೈ ಹಿಡಿಯದೆ, ಒಂದೊಂದು ಮೆಟ್ಟಿಲಿಗೆ ಒಂದೇ ಕಾಲಿಟ್ಟು ಇಳಿಯುವುದು.
ಮೂರು ತಿಂಗಳಲ್ಲಿ: 125 ಡಿಗ್ರಿ ಅಥವಾ ಹೆಚ್ಚು, ಬಲಗಾಲು ಮಡಚಿ ಮೆಟ್ಟುಗತ್ತಿಯ ಮಣೆ ಅದುಮಿ ಅರ್ಧ ಗಂಟೆ ಕೂತು ಸುಲಿಯುವುದು.

ಅಳತೆಗಳು

ಎಲ್ಲ ಅಳತೆ ಬಲ ಮಂಡಿಯದು. ಗೋನಿಯೋಮೀಟರ್‌ನಲ್ಲಿ, ಅಂಗಾತ ಮಲಗಿಸಿ, ವ್ಯಾಯಾಮಕ್ಕೆ ಮೊದಲೇ ತೆಗೆದದ್ದು. ಎಡ ಮಂಡಿ 138 ಡಿಗ್ರಿ ಮಡಚುತ್ತದೆ. ಅದರ ಸುತ್ತಳತೆ 35.5 ಸೆಂ.ಮೀ. ನೋವು 0ರಿಂದ 10ರ ಲೆಕ್ಕದಲ್ಲಿ, ಮಡಚುವಾಗ ಅವರೇ ಹೇಳಿದ್ದು.

| ದಿನಾಂಕ | ತಾವಾಗಿ ಮಡಚಿದ್ದು | ನಾನು ಮಡಚಿದ್ದು | ನೇರ ಎತ್ತಿದಾಗ ಜೋತು | ಸುತ್ತಳತೆ ಸೆಂ.ಮೀ. | ನೋವು |
|---|---|---|---|---|---|
| 12-8 | 42° | 50° | 18° | 39.0 | 6 |
| 26-8 | 62° | 68° | 10° | 38.0 | 5 |
| 5-9 | 80° | 86° | 5° | 37.2 | 4 |
| 16-9 | 76° | 80° | 6° | 37.8 | 5 |
| 26-9 | 96° | 102° | 2° | 36.5 | 3 |
| 7-10 | 112° | 118° | 0° | 36.0 | 2 |

ಆಗಸ್ಟ್ 29ರ ಅಳತೆಯನ್ನು ಪಟ್ಟಿಗೆ ಸೇರಿಸಿಲ್ಲ. ಆ ದಿನ ನಾನು ರಜೆಯಲ್ಲಿದ್ದೆ. ಜೊತೆಯ ಫಿಸಿಯೋಥೆರಪಿಸ್ಟ್ ಮಂಚದ ಅಂಚಿನಲ್ಲಿ ಕೂರಿಸಿ, ಕಾಲು ಇಳಿಬಿಟ್ಟು ಅಳೆದು ನೋಟ್‌ಬುಕ್ಕಿನಲ್ಲಿ 86 ಎಂದು ಬರೆದಿದ್ದರು. ಸೆಪ್ಟೆಂಬರ್ 2ರಂದು ಮಲಗಿಸಿ ಅಳೆದಾಗ 78 ಬಂತು. ಪುಸ್ತಕ ಮಾತ್ರ ನೋಡಿದರೆ ನಾಲ್ಕು ದಿನದಲ್ಲಿ 8 ಡಿಗ್ರಿ ಕಳೆದುಕೊಂಡ ಹಾಗೆ ಕಾಣುತ್ತದೆ. ಮನೆಯವರು ಅದನ್ನು ಓದಿ ಗಾಬರಿಯಾಗಿ ಫೋನ್ ಮಾಡಿದ್ದರು. ಕೂತಾಗ ಕಾಲಿನ ಭಾರವೇ ಮಂಡಿಯನ್ನು ಮಡಚುತ್ತದೆ, ಹಾಗಾಗಿ ಎರಡನ್ನೂ ಒಂದೇ ಸಾಲಿನಲ್ಲಿ ಇಡುವಂತಿಲ್ಲ. ಅವತ್ತಿನಿಂದ ಪ್ರತಿ ಅಳತೆಯ ಪಕ್ಕ ಮಲಗಿಯೋ ಕೂತೋ, ಅಳೆದವರು ಯಾರು ಎಂದು ಬರೆಯುತ್ತಿದ್ದೇವೆ.

ಸೆಪ್ಟೆಂಬರ್ 16ರ ಇಳಿಕೆ ಹಾಗಲ್ಲ, ಅದು ನಿಜವಾದದ್ದು. ಕೋನ ಒಂದೇ ಇಳಿದಿದ್ದರೆ 5 ಡಿಗ್ರಿ ಆಚೀಚೆ ಅಳತೆಯ ವ್ಯತ್ಯಾಸ ಎನ್ನಬಹುದಿತ್ತು. ಇಲ್ಲಿ ಬಾವು, ನೋವು ಎರಡೂ ಏರಿವೆ. ಗೌರಿ ಗಣೇಶ ಹಬ್ಬಕ್ಕೆ ಮನೆ ತುಂಬ ನೆಂಟರು, ದಿನಾ ಐದಾರು ಗಂಟೆ ನಿಂತು ಅಡುಗೆ. ಎರಡು ಸೆಷನ್ ತಪ್ಪಿದವು, ಮನೆಯ ವ್ಯಾಯಾಮ ಆರು ದಿನ ನಿಂತಿತು. ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಮುಂದೆ ಸುಲಿಯುವ ಸೀಸನ್ ಬರುವುದರಿಂದ ಮನೆಯವರೂ ತಿಳಿದಿರಲಿ ಎಂದು ಬರೆದೆ.

ಸೆಷನ್ 3 ಮತ್ತು 7ರ ಟಿಪ್ಪಣಿಯಲ್ಲಿ "ಪರವಾಗಿಲ್ಲ, ಅದೇ ವ್ಯಾಯಾಮ ಮುಂದುವರಿಕೆ" ಎಂದಷ್ಟೇ ಬರೆದಿದ್ದೇನೆ. ಅಲ್ಲಿ ನೋವಿನ ಅಂಕಿ ಇಲ್ಲ, ನೆನಪಿನಿಂದ ತುಂಬಿಸಿಲ್ಲ.

ವ್ಯಾಯಾಮಗಳು

ಸೆಷನ್ 1–4: ಪಾದ ಮೇಲೆ ಕೆಳಗೆ ಆಡಿಸುವುದು. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ತೊಡೆ ಬಿಗಿಹಿಡಿಯುವುದು, 5 ಸೆಕೆಂಡು, 10 ಸಲ, ಮೂರು ಸುತ್ತು. 60 ಡಿಗ್ರಿಯೊಳಗೆ ಹಿಮ್ಮಡಿ ಜಾರಿಸುವುದು. ಕೊನೆಗೆ 15 ನಿಮಿಷ ಐಸ್.

ಸೆಷನ್ 5–8: ಕಾಲು ನೇರ ಎತ್ತುವುದು. ಚಿಪ್ಪನ್ನು ಮೇಲೆ ಕೆಳಗೆ, ಅಕ್ಕಪಕ್ಕ ನಿಧಾನ ಸರಿಸುವುದು. ಗಾಯದ ಗುರುತಿನ ಮೇಲೆ ಮಸಾಜ್. ಗೋಡೆಗೆ ಕಾಲು ಚಾಚಿ ಮಲಗಿ ಪಾದ ಕೆಳಗೆ ಜಾರಿಸುವುದು. ನಡಿಗೆಯ ಅಭ್ಯಾಸ, ಸೆಪ್ಟೆಂಬರ್ 2ರಿಂದ ಊರುಗೋಲು ಇಲ್ಲ.

ಸೆಷನ್ 9–15: ಮೊದಲ ಎರಡು ದಿನ ಬಾವು ಇಳಿಸುವುದಕ್ಕೇ ಕೊಟ್ಟೆ. ಆಮೇಲೆ ಗೋಡೆಗೆ ಒರಗಿ ಅರ್ಧ ಕೂರುವುದು, 4 ಇಂಚಿನ ಮೆಟ್ಟಿಲು ಹತ್ತಿ ಇಳಿಯುವುದು, ಸೆಷನ್ 13ರಿಂದ 6 ಇಂಚು. ಥೆರಾಬ್ಯಾಂಡ್ ಕಟ್ಟಿ ಮಂಡಿಯನ್ನು ಕೊನೆಯ 30 ಡಿಗ್ರಿ ನೇರ ಚಾಚುವುದು.

ಮನೆಯ ವ್ಯಾಯಾಮದಲ್ಲಿ ನಿಜವಾಗಿ ಕೆಲಸ ಮಾಡಿದ್ದು ಅಡಿಕೆ ಹಾಳೆ. ನೆಲದ ಮೇಲೆ ಹಿಮ್ಮಡಿ ಜಾರುವುದಿಲ್ಲ, ಬಟ್ಟೆ ಹಾಸಿದರೆ ಮುದುಡುತ್ತದೆ ಎನ್ನುತ್ತಿದ್ದರು. ಅವರ ಸೊಸೆ ಒಣ ಹಾಳೆಯ ಒಂದು ಅಗಲ ತುಂಡು ಕತ್ತರಿಸಿ, ನುಣುಪಾದ ಮೈ ಕೆಳಗೆ ಮಾಡಿ, ಅದರಲ್ಲಿ ಹಿಮ್ಮಡಿ ಇಡಿಸಿದರು. ಕಾವಿ ನೆಲದ ಮೇಲೆ ಅದು ಸಲೀಸಾಗಿ ಜಾರಿತು. ಹಿಮ್ಮಡಿ ಮುಟ್ಟಿದ ಜಾಗಕ್ಕೆ ದಿನಾ ಸೀಮೆಸುಣ್ಣದ ಗೆರೆ. ಸೆಪ್ಟೆಂಬರ್ 19ರಂದು ಮೊಬೈಲಿನಲ್ಲಿ ಫೋಟೊ ತೋರಿಸಿದರು: ಹನ್ನೊಂದು ಗೆರೆ, ಒಂದಕ್ಕಿಂತ ಒಂದು ಹತ್ತಿರ. ಈಗ ಬೇರೆ ರೋಗಿಗಳಿಗೂ ಇದನ್ನೇ ಹೇಳಿಕೊಡುತ್ತಿದ್ದೇನೆ.

ಫಲಿತಾಂಶ

ಮೂರು ವಾರದ ಗುರಿಯಲ್ಲಿ ಊರುಗೋಲು ಸಕಾಲಕ್ಕೆ ಬಿಟ್ಟಿತು. ಜೋತು ಮೂರು ದಿನ ತಡವಾಗಿ, ಸೆಪ್ಟೆಂಬರ್ 5ಕ್ಕೆ 5 ಡಿಗ್ರಿಗೆ ಬಂತು. ಆರು ವಾರದ ಗುರಿ ಕೋನದ ಮಟ್ಟಿಗೆ ಸೆಪ್ಟೆಂಬರ್ 26ಕ್ಕೆ ಮುಟ್ಟಿದೆ. ಮೆಟ್ಟಿಲು ಇಳಿಯುವುದು ಅಕ್ಟೋಬರ್ 3ಕ್ಕೆ. "ಈಗ ಬಚ್ಚಲಿಗೆ ಹೋಗ್ಲಿಕ್ಕೆ ಯಾರನ್ನೂ ಕರೆಯೂದಿಲ್ಲ" ಅಂದರು. ತೊಡೆ ಸ್ನಾಯುವಿನ ಬಲ 5ಕ್ಕೆ 3ರಿಂದ 4ಕ್ಕೆ ಏರಿದೆ. ಚಿಪ್ಪಿನಿಂದ 15 ಸೆಂ.ಮೀ. ಮೇಲೆ ಬಲ ತೊಡೆ ಎಡಕ್ಕಿಂತ 3.5 ಸೆಂ.ಮೀ. ಸಣ್ಣದಿತ್ತು, ಈಗ 2 ಸೆಂ.ಮೀ.

ಮೆಟ್ಟುಗತ್ತಿಯ ಗುರಿ ಇನ್ನೂ ಬಾಕಿ. ಅಕ್ಟೋಬರ್ 7ರಂದು 6 ಇಂಚಿನ ಮಣೆ ಮೇಲೆ ಕೂರಿಸಿ, ಕತ್ತಿಯಿಲ್ಲದೆ, ಅದೇ ಭಂಗಿ ಮಾಡಿಸಿದೆ. 12 ನಿಮಿಷ ಕೂತರು. ನಂತರ ಮಂಡಿಯ ಮುಂಭಾಗ ಉರಿಯಿತು. ಕೋನ ಹೀಗೇ ಏರಿದರೆ ನವೆಂಬರ್ ಮಧ್ಯಕ್ಕೆ ಎತ್ತರದ ಮಣೆಯಲ್ಲಿ ಅರ್ಧ ಗಂಟೆ ಸಾಧ್ಯ ಎಂದು ನನ್ನ ಅಂದಾಜು. ನೆಲಕ್ಕೆ ಸಮನಾಗಿ ಕೂರುವುದನ್ನು ಈ ಸೀಸನ್ನಿಗೆ ನಾನು ಒಪ್ಪುವುದಿಲ್ಲ, ಅವರಿಗೂ ಹೇಳಿದ್ದೇನೆ.

ಮುಂದಿನ ಯೋಜನೆ, ವೈದ್ಯರಿಗೆ ಪ್ರಶ್ನೆ

ಅಕ್ಟೋಬರ್ 14ರಿಂದ ವಾರಕ್ಕೊಂದು ಸೆಷನ್, ಆರು ವಾರ. ಮನೆಯಲ್ಲಿ ದಿನಕ್ಕೆರಡು ಹೊತ್ತು ಹಾಳೆ ಜಾರಿಸುವುದು, ಮೆಟ್ಟಿಲು ಅಭ್ಯಾಸ. ಸಂಜೆ ಮಂಡಿ ಊದಿದರೆ ಮರುದಿನ ಮೆಟ್ಟಿಲು ಬಿಟ್ಟು ಉಳಿದದ್ದು ಮಾತ್ರ.

ಚಿಪ್ಪಿನ ಮೇಲಂಚಿನಲ್ಲಿ ಪಿನ್ನಿನ ತುದಿ ಚರ್ಮದಡಿ ಕೈಗೆ ಸಿಗುತ್ತಿದೆ. 110 ಡಿಗ್ರಿ ದಾಟಿದ ಮೇಲೆ ಬರುವ ಉರಿ ಸರಿಯಾಗಿ ಅದೇ ಜಾಗದಲ್ಲಿದೆ. ಚರ್ಮ ಕೆಂಪಾಗಿಲ್ಲ, ಬಿಸಿ ಇಲ್ಲ, ಸೋರಿಕೆ ಇಲ್ಲ. ಅಕ್ಟೋಬರ್ 21ರಂದು ಅವರು ತಮ್ಮಲ್ಲಿಗೆ ಬಂದಾಗ ಎಕ್ಸ್‌ರೇಯಲ್ಲಿ ಪಿನ್ ಹಿಂದೆ ಸರಿದಿದೆಯೇ ನೋಡಬೇಕೆಂದು ಕೋರುತ್ತೇನೆ. ತಮ್ಮ ಉತ್ತರ ಬರುವವರೆಗೆ ನಾನು ಬಲ ಹಾಕಿ 115 ಡಿಗ್ರಿಗಿಂತ ಮುಂದೆ ಮಡಚುವುದಿಲ್ಲ.

ಚಿಕಿತ್ಸೆ ನೀಡಿದ ಫಿಸಿಯೋಥೆರಪಿಸ್ಟ್
ತೀರ್ಥಹಳ್ಳಿ, 8-10-2024