ಮದುವೆ ಊಟದ ಕೊಟೇಶನ್: ಮುಹೂರ್ತದ ಮಧ್ಯಾಹ್ನ, 300ರಿಂದ 700 ಎಲೆ

ಮೈಸೂರು, ಡಿಸೆಂಬರ್ 20, 2025

ಸರ್, ನಮಸ್ಕಾರ.

ಮಗಳ ಮದುವೆ, ಫೆಬ್ರುವರಿ 8, ಭಾನುವಾರ. ಎಷ್ಟು ಜನ ಅಂತ ಇನ್ನೂ ಗಟ್ಟಿಯಾಗಿಲ್ಲ ಅಂದಿರಿ. ಹಾಗಾಗಿ ಲೆಕ್ಕವನ್ನು ಬಿಡಿಸಿ ಬರೆದಿದ್ದೇನೆ.

ಎಲೆಗೆ: ಕೋಸಂಬರಿ ಎರಡು, ಪಲ್ಯ ಎರಡು, ಗೊಜ್ಜು, ಉಪ್ಪಿನಕಾಯಿ, ಹಪ್ಪಳ, ಚಿತ್ರಾನ್ನ, ತೊವ್ವೆ-ತುಪ್ಪ, ಸಾರು, ಮಜ್ಜಿಗೆ ಹುಳಿ, ಬೇಳೆ ಹೋಳಿಗೆ, ಶಾವಿಗೆ ಪಾಯಸ, ಮೊಸರನ್ನ. ಕೊನೆಗೆ ಬೀಡಾ.

ಎಷ್ಟೇ ಜನ ಬಂದರೂ ಆಗುವ ಖರ್ಚು (500 ಎಲೆವರೆಗೆ)
ಭಟ್ಟರು, ಸಹಾಯಕರು, 8 ಜನ, ಎರಡು ದಿನ: ರೂ. 36,000
ಬಡಿಸುವವರು 14 ಜನ: 14,000
ಪಾತ್ರೆ ಬಾಡಿಗೆ, ಸಾಗಣೆ: 16,000
ಗ್ಯಾಸ್, ಒಲೆ: 10,000
ಪಾತ್ರೆ ತೊಳೆಯುವುದು, ಸ್ವಚ್ಛತೆ: 8,000
ಒಟ್ಟು: 84,000

ಒಂದು ಎಲೆಯ ಸಾಮಾನು
ಅಕ್ಕಿ, ಬೇಳೆ, ಎಣ್ಣೆ, ಮಸಾಲೆ 62. ತರಕಾರಿ, ತೆಂಗಿನಕಾಯಿ 48. ಹಾಲು, ಮೊಸರು, ತುಪ್ಪ 30. ಹೋಳಿಗೆ, ಪಾಯಸ 46. ಬಾಳೆಎಲೆ, ನೀರು, ಬೀಡಾ 24. ಒಟ್ಟು ರೂ. 210.

| ಎಲೆ | ಖಾಯಂ ಖರ್ಚು | ಎಲೆಗೆ ದರ | ಒಟ್ಟು ರೂ. |
|---|---|---|---|
| 300 | 84,000 | 490 | 1,47,000 |
| 400 | 84,000 | 420 | 1,68,000 |
| 500 | 84,000 | 378 | 1,89,000 |
| 700 | 98,000 | 350 | 2,45,000 |

700ಕ್ಕೆ 14,000 ಜಾಸ್ತಿ ಯಾಕೆ ಅಂದರೆ, ನಿಮ್ಮ ಛತ್ರದ ಊಟದ ಹಾಲ್‌ನಲ್ಲಿ ಒಂದು ಪಂಕ್ತಿಗೆ 150 ಜನ ಕೂರುತ್ತಾರೆ. 700 ಅಂದರೆ ಐದು ಪಂಕ್ತಿ. ಇನ್ನೂ 10 ಜನ ಬಡಿಸುವವರು (10,000), ಜೊತೆಗೆ ಗ್ಯಾಸ್ ಮತ್ತು ತೊಳೆಯುವವರಿಗೆ 4,000 ಬೇಕಾಗುತ್ತದೆ. ಇಲ್ಲದಿದ್ದರೆ ಕೊನೆ ಪಂಕ್ತಿಯವರು ಹಸಿದು ಕಾಯುತ್ತಾರೆ.

ಒಂದು ಮಾತು ಗಮನಿಸಿ. 500ರಿಂದ 400ಕ್ಕೆ ಇಳಿಸಿದರೆ 37,800 ಉಳಿಯುತ್ತದೆ ಅನಿಸಬಹುದು. ಉಳಿಯುವುದು 21,000 ಮಾತ್ರ, ಸಾಮಾನಿನ ದುಡ್ಡಷ್ಟೇ. ಭಟ್ಟರು, ಲಾರಿ ಹಾಗೇ ಇರುತ್ತವೆ, ಅಲ್ವಾ? ಅದಕ್ಕೇ ಎಲೆ ದರ ಒಂದನ್ನೇ ನೋಡಿ ನಿರ್ಧರಿಸಬೇಡಿ.

ಹೋಳಿಗೆಯನ್ನು ಹಿಂದಿನ ದಿನ ಮಾಡಿ ತರುವುದಿಲ್ಲ. ಕಣಕ ಮುಂಜಾನೆ ನೆನೆಸಿ, ಛತ್ರದಲ್ಲೇ ಎರಡು ಕಾವಲಿ ಇಟ್ಟು, ಬಿಸಿಬಿಸಿಯಾಗಿ ತುಪ್ಪ ಸವರಿ ಬಡಿಸುತ್ತೇವೆ. ಅದರ ಕೂಲಿ ಭಟ್ಟರ ಖರ್ಚಿನಲ್ಲೇ ಸೇರಿದೆ. ಹೋಳಿಗೆ ಬೇಡ, ಲಾಡು ಸಾಕು ಅಂದರೆ ಎಲೆಗೆ 14 ಕಡಿಮೆಯಾಗುತ್ತದೆ. ನನ್ನ ಮಾತು ಕೇಳಿದರೆ ಹೋಳಿಗೆ ಬಿಡಬೇಡಿ.

ಷರತ್ತು
ಎಲೆ ಸಂಖ್ಯೆಯನ್ನು ಫೆಬ್ರುವರಿ 5ರ ಸಂಜೆಯೊಳಗೆ ಹೇಳಬೇಕು. ಆಮೇಲೆ ಜನ ಕಡಿಮೆ ಬಂದರೂ ಹೇಳಿದ ಸಂಖ್ಯೆಗೇ ಬಿಲ್. 40 ಎಲೆವರೆಗೆ ಜಾಸ್ತಿ ಬಂದರೆ ತಲಾ 210 ಮಾತ್ರ; ಅಷ್ಟು ಅಡುಗೆ ಕೈಯಲ್ಲಿ ಇಟ್ಟೇ ಇರುತ್ತೇವೆ. ಎಲೆ ಎಣಿಸುವಾಗ ನಿಮ್ಮ ಕಡೆಯ ಒಬ್ಬರು ಜೊತೆಗಿರಲಿ.

ತೆಂಗಿನಕಾಯಿ, ತರಕಾರಿ ದರ ಏರಿದರೂ ಇದೇ ದರ. ಮುಂಗಡ 40,000, ಮದುವೆಯ ಹಿಂದಿನ ದಿನ ಅರ್ಧ, ಉಳಿದದ್ದು ಊಟ ಮುಗಿದ ಮೇಲೆ. ಜಿಎಸ್‌ಟಿ ಶೇ. 5 ಬೇರೆ. ನೀರು, ಕರೆಂಟ್ ಛತ್ರದ್ದು.

ಈ ದರ ಜನವರಿ 5ರವರೆಗೆ. ಅಷ್ಟರೊಳಗೆ ಮುಂಗಡ ಕೊಟ್ಟರೆ ಆ ದಿನಕ್ಕೆ ಬೇರೆ ಮದುವೆ ಒಪ್ಪಿಕೊಳ್ಳುವುದಿಲ್ಲ.

ಇಂತಿ,
ಅಡುಗೆ ಕಂಟ್ರಾಕ್ಟರ್