ಸುಶೀಲಾ ಅವರಿಗೆ ಶಾಖೆಯ ಪರವಾಗಿ ವಿದಾಯದ ಮಾತು

ಮಾನ್ಯ ಶಾಖಾ ವ್ಯವಸ್ಥಾಪಕರೇ, ನಿವೃತ್ತರಾದ ಮೇಲೂ ಈ ಸಂಜೆಗಾಗಿ ಬಿಡುವು ಮಾಡಿಕೊಂಡು ಬಂದಿರುವ ನಮ್ಮ ಹಿರಿಯರೇ, ಸಹೋದ್ಯೋಗಿ ಮಿತ್ರರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಸುಶೀಲಾ ಅವರ ಕುಟುಂಬದವರೇ, ಮತ್ತು ಈ ಸಮಾರಂಭ ಯಾರಿಗಾಗಿ ಏರ್ಪಟ್ಟಿದೆಯೋ ಆ ನಮ್ಮ ಪ್ರೀತಿಯ ಶ್ರೀಮತಿ ಸುಶೀಲಾ ಅವರೇ, ಎಲ್ಲರಿಗೂ ನನ್ನ ನಮಸ್ಕಾರಗಳು.

1988ರಲ್ಲಿ ಗುಮಾಸ್ತೆಯಾಗಿ ಬ್ಯಾಂಕಿಗೆ ಸೇರಿದ ಸುಶೀಲಾ ಅವರು ಮೂವತ್ತೇಳು ವರ್ಷಗಳ ಸೇವೆಯನ್ನು ಮುಗಿಸಿ ಇಂದು ನಿವೃತ್ತರಾಗುತ್ತಿದ್ದಾರೆ. ಅವರ ಕುರಿತು ಮಾತನಾಡುವ ಅವಕಾಶವನ್ನು ಶಾಖೆಯವರು ನನಗೆ ಕೊಟ್ಟಿದ್ದಾರೆ. ಹದಿನಾಲ್ಕು ವರ್ಷಗಳ ಹಿಂದೆ ಕೆಲಸಕ್ಕೆ ಸೇರಿದ ದಿನ ನನ್ನನ್ನು ಅವರ ಪಕ್ಕದ ಕುರ್ಚಿಯಲ್ಲಿ ಕೂರಿಸಲಾಗಿತ್ತು ಎಂಬುದನ್ನು ಬಿಟ್ಟರೆ, ಈ ಅವಕಾಶಕ್ಕೆ ನನಗಿರುವ ಅರ್ಹತೆ ಬೇರೇನೂ ಇಲ್ಲ. ಆ ಕುರ್ಚಿ ಸಿಕ್ಕಿದ್ದು ನನ್ನ ಭಾಗ್ಯವೆಂದೇ ನಾನು ಇಂದಿಗೂ ತಿಳಿದಿದ್ದೇನೆ.

ಬೀಳ್ಕೊಡುಗೆಯ ಸಭೆಗಳಲ್ಲಿ ‘ಶ್ರದ್ಧೆ’ ಎಂಬ ಮಾತನ್ನು ನಾವು ಧಾರಾಳವಾಗಿ ಬಳಸುತ್ತೇವೆ. ಇಂದು ಅದನ್ನು ಅಳೆದು ತೂಗಿ ಬಳಸಬೇಕೆಂಬುದು ನನ್ನ ಆಸೆ. ತಡವಾಗಿ ಮನೆಗೆ ಹೋಗುವವರೆಲ್ಲ ಶ್ರದ್ಧಾವಂತರೆನಿಸಿಕೊಳ್ಳುವುದುಂಟು. ಸುಶೀಲಾ ಅವರು ತಡವಾಗಿ ಹೋದ ದಿನಗಳು ಬಹಳ ಕಡಿಮೆ, ಏಕೆಂದರೆ ಅವರು ಮಾಡಿದ ಕೆಲಸವನ್ನು ಸಂಜೆ ಮತ್ತೆ ಹುಡುಕಿ ಸರಿಪಡಿಸಬೇಕಾದ ಪ್ರಸಂಗ ಬರುತ್ತಿದ್ದದ್ದೇ ಅಪರೂಪ. ಚೆಕ್ ಕೈಗೆ ಬಂದರೆ ಅವರ ಕಣ್ಣು ಮೊದಲು ದಿನಾಂಕದ ಮೇಲೆ, ಆಮೇಲೆ ಅಕ್ಷರಗಳಲ್ಲಿ ಬರೆದ ಮೊತ್ತದ ಮೇಲೆ, ಆಮೇಲೆ ಅಂಕಿಗಳ ಮೇಲೆ, ಕೊನೆಗೆ ಸಹಿಯ ಮೇಲೆ ಇದೇ ಕ್ರಮದಲ್ಲಿ ಸಾಗುತ್ತಿತ್ತು. ಸರತಿಯಲ್ಲಿ ಐದು ಜನರಿರಲಿ, ಐವತ್ತು ಜನರಿರಲಿ, ಈ ಕ್ರಮ ಬದಲಾದದ್ದನ್ನು ನಾನು ಕಂಡಿಲ್ಲ. ನೋಟಿನ ಕಟ್ಟನ್ನು ಯಂತ್ರ ಎಣಿಸಿ ಕೊಟ್ಟ ಮೇಲೂ ಅವರು ಒಮ್ಮೆ ಬೆರಳಿನಿಂದ ಸರಿಸಿ ನೋಡುತ್ತಿದ್ದರು. ಕಾರಣ ಕೇಳಿದಾಗ, ಯಂತ್ರ ನೋಟನ್ನು ಎಣಿಸುತ್ತದೆ, ನೋಟು ಪಡೆಯುವವರ ಮುಂದೆ ನಿಲ್ಲುವವಳು ನಾನು ಎಂದಿದ್ದರು.

ನನ್ನ ಮೊದಲ ವಾರದ ಒಂದು ಸಂಜೆಯನ್ನು ನಾನು ಮರೆತಿಲ್ಲ. ದಿನದ ಲೆಕ್ಕ ತಾಳೆಯಾಗಲಿಲ್ಲ. ನಾಲ್ಕು ಸಾವಿರದ ಐನೂರರ ವ್ಯತ್ಯಾಸ ನನ್ನ ಕೌಂಟರಿನಲ್ಲೇ ಉಳಿದಿತ್ತು. ಎಲ್ಲರೂ ಹೊರಡುವ ಹೊತ್ತು, ನನ್ನ ಕೈ ತಣ್ಣಗಾಗಿತ್ತು. ಸುಶೀಲಾ ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತರು. ವೋಚರುಗಳ ಕಟ್ಟನ್ನು ಅವರು ಮುಟ್ಟಲಿಲ್ಲ. “ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಿದಿರಾ?” ಎಂದಷ್ಟೇ ಕೇಳಿದರು. ನಾಲ್ಕು ಸಾವಿರದ ಐನೂರು ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಹಾಗೆ ಭಾಗವಾದರೆ ಯಾವುದೋ ಸಂಖ್ಯೆಯ ಎರಡು ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು ಎಂದು ವಿವರಿಸಿ, ಸುಮ್ಮನೆ ಕುಳಿತರು. ಹತ್ತು ನಿಮಿಷದಲ್ಲಿ ನನಗೇ ಸಿಕ್ಕಿತು: 8,300 ಎಂದಿದ್ದ ವೋಚರನ್ನು ನಾನು 3,800 ಎಂದು ನಮೂದಿಸಿದ್ದೆ. ಹಾಗೆ ಭಾಗವಾಗದಿದ್ದರೆ ವ್ಯತ್ಯಾಸವನ್ನು ಅರ್ಧಮಾಡಿ ಆ ಮೊತ್ತವನ್ನು ಹುಡುಕಬೇಕು, ಜಮೆಗೆ ಹೋಗಬೇಕಾದದ್ದು ಖರ್ಚಿಗೆ ಹೋಗಿದ್ದರೆ ಅಲ್ಲಿ ಸಿಗುತ್ತದೆ ಎಂಬ ಇನ್ನೊಂದು ಉಪಾಯವನ್ನೂ ಅಂದೇ ಕಲಿತೆ.

ಆ ತಪ್ಪು ಅವರಿಗೆ ಮೊದಲೇ ಕಂಡಿತ್ತೆಂದು ನನಗೆ ತಿಳಿದದ್ದು ಎಷ್ಟೋ ತಿಂಗಳಾದ ಮೇಲೆ. ಆ ವೋಚರು ಕಟ್ಟಿನ ಮೇಲ್ಭಾಗದಲ್ಲೇ ಇತ್ತಂತೆ. ಅವರು ಬೆರಳು ತೋರಿಸಿದ್ದರೆ ಒಂದೇ ನಿಮಿಷದಲ್ಲಿ ಇಬ್ಬರೂ ಮನೆಗೆ ಹೋಗಬಹುದಿತ್ತು. ನನ್ನ ಕೈಯಿಂದಲೇ ಅದು ಸಿಗಲೆಂದು ಅವರು ತಮ್ಮ ಬಸ್ಸನ್ನು ತಪ್ಪಿಸಿಕೊಂಡು ಕಾದಿದ್ದರು. ಮಾರ್ಗದರ್ಶನ ಎಂಬ ಪದವನ್ನು ನಾನು ಬಳಸುವುದು ಈ ಕಾಯುವಿಕೆಗೆ. ತಪ್ಪನ್ನು ತಿದ್ದಿಕೊಡುವವರು ನಮಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ನಾವೇ ತಿದ್ದಿಕೊಳ್ಳುವವರೆಗೆ ಪಕ್ಕದಲ್ಲಿ ಕುಳಿತಿರುವವರು ಸಿಗುವುದು ಕಷ್ಟ.

ಅವರ ಮೇಜಿನ ಕೆಳಗಿನ ಡ್ರಾಯರಿನಲ್ಲಿ ನೀಲಿ ರಟ್ಟಿನ ಒಂದು ನೋಟ್‌ಬುಕ್ ಇದೆ. ಶಾಖೆಯಲ್ಲಿ ಎಲ್ಲರೂ ಅದನ್ನು ‘ತಪ್ಪಿನ ಪುಸ್ತಕ’ ಎಂದು ಕರೆಯುತ್ತೇವೆ. ಯಾವ ತಪ್ಪು ಹೇಗಾಯಿತು, ಹೇಗೆ ಸಿಕ್ಕಿತು, ಮತ್ತೆ ಆಗದಂತೆ ಏನು ಮಾಡಬೇಕು ಎಂಬುದನ್ನು ಅದರಲ್ಲಿ ಅವರು ಬರೆದಿಟ್ಟಿದ್ದಾರೆ. ಅದರಲ್ಲಿ ಯಾವ ಕಿರಿಯರ ಹೆಸರೂ ಇಲ್ಲ. ಇರುವ ಒಂದೇ ಹೆಸರು ಅವರದ್ದು, ಅದೂ ಮೊದಲ ಪುಟದಲ್ಲಿ: ಕೆಲಸಕ್ಕೆ ಸೇರಿದ ವರ್ಷವೇ ಒಬ್ಬ ಗ್ರಾಹಕರಿಗೆ ಒಂದು ಕಟ್ಟು ನೋಟನ್ನು ಹೆಚ್ಚಾಗಿ ಕೊಟ್ಟು, ಸಂಜೆ ಮೇಲಧಿಕಾರಿಗಳಿಗೆ ತಾವೇ ತಿಳಿಸಿ, ಅವರೊಡನೆ ಆ ಗ್ರಾಹಕರ ಮನೆಗೆ ಹೋಗಿ ವಿನಂತಿಸಿಕೊಂಡು ಹಣ ಮರಳಿ ತಂದ ಪ್ರಸಂಗ. ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಅವರು ಮೊದಲು ಓದಿಸುವುದು ಆ ಪುಟವನ್ನೇ. ಹಿರಿಯರೊಬ್ಬರು ತಮ್ಮ ತಪ್ಪನ್ನು ಹೀಗೆ ತೆರೆದಿಟ್ಟ ಮೇಲೆ ತಪ್ಪನ್ನು ಮುಚ್ಚಿಡುವ ಯೋಚನೆ ನಮಗೆ ಯಾರಿಗೂ ಬರಲಿಲ್ಲ. ಪ್ರಾಮಾಣಿಕತೆಯ ಬಗ್ಗೆ ನಮಗೆ ಕೊಟ್ಟ ತರಬೇತಿಗಳೆಲ್ಲ ಒಂದು ತೂಕವಾದರೆ ಆ ಪುಟವೇ ಒಂದು ತೂಕ.

ಗ್ರಾಹಕರ ವಿಷಯಕ್ಕೆ ಬರುತ್ತೇನೆ. ವಯಸ್ಸಾದ ಗ್ರಾಹಕರೊಬ್ಬರ ಸಹಿ ಮಾದರಿ ಸಹಿಯೊಂದಿಗೆ ಹೊಂದುತ್ತಿಲ್ಲವೆಂದು ಎರಡು ಸಲ ಚೆಕ್ ಹಿಂದಿರುಗಿತ್ತು. ನಿಯಮದ ಪ್ರಕಾರ ಅದು ಸರಿಯೇ. ಮೂರನೆಯ ಸಲ ಅವರು ಸುಶೀಲಾ ಅವರ ಕೌಂಟರಿಗೆ ಬಂದಾಗ, ಇವರು ಸಹಿಗಿಂತ ಮೊದಲು ಸಹಿ ಮಾಡುವ ಕೈಯನ್ನು ನೋಡಿದರು. ಕೈ ನಡುಗುತ್ತಿತ್ತು. ಅವರನ್ನು ಕೂರಿಸಿ, ಗುರುತಿನ ದಾಖಲೆಗಳನ್ನು ಪರಿಶೀಲಿಸಿ, ಅಧಿಕಾರಿಗಳ ಅನುಮತಿ ಪಡೆದು, ಹೊಸ ಮಾದರಿ ಸಹಿಯನ್ನು ಅಲ್ಲೇ ದಾಖಲಿಸಿಕೊಂಡರು. ನಿಯಮವನ್ನು ಅವರು ಒಂದಿಂಚೂ ಸಡಿಲಿಸಲಿಲ್ಲ. ನಿಯಮದೊಳಗೇ ಆ ಹಿರಿಯರಿಗೊಂದು ದಾರಿ ಇತ್ತು, ಅದನ್ನು ಹುಡುಕುವ ತಾಳ್ಮೆ ಇವರಿಗಿತ್ತು.

ಇನ್ನೊಂದು ಪ್ರಸಂಗ ಇತ್ತೀಚಿನದು, ಇಲ್ಲಿರುವ ಹಲವರು ಕಣ್ಣಾರೆ ಕಂಡದ್ದು. ಒಬ್ಬ ಮಹಿಳೆ ಅವಸರದಲ್ಲಿ ಬಂದು, ಅವಧಿಗೆ ಮುನ್ನವೇ ತಮ್ಮ ಠೇವಣಿಯನ್ನೆಲ್ಲ ಮುರಿದು, ಕಾಗದದ ತುಂಡಿನಲ್ಲಿ ಬರೆದುಕೊಂಡಿದ್ದ ಒಂದು ಖಾತೆಗೆ ವರ್ಗಾಯಿಸಬೇಕೆಂದರು. ಅರ್ಜಿಯಲ್ಲಿ ಯಾವ ಲೋಪವೂ ಇರಲಿಲ್ಲ. ಆದರೆ ಅವರು ಫೋನನ್ನು ಕಿವಿಯಿಂದ ತೆಗೆಯುತ್ತಿರಲಿಲ್ಲ, ಪ್ರಶ್ನೆ ಕೇಳಿದರೆ ಉತ್ತರಿಸುವ ಮುನ್ನ ಒಂದು ಕ್ಷಣ ಏನನ್ನೋ ಆಲಿಸುತ್ತಿದ್ದರು. ಸುಶೀಲಾ ಅವರು ಬಾಯಿಬಿಟ್ಟು ಏನನ್ನೂ ಹೇಳದೆ, ಒಂದು ಚೀಟಿಯ ಹಿಂಬದಿಯಲ್ಲಿ ‘ಫೋನ್ ಇಡಿ, ಹೆದರಬೇಡಿ, ನಾವಿದ್ದೇವೆ’ ಎಂದು ಬರೆದು ಕಿಂಡಿಯಿಂದ ಮುಂದೆ ತಳ್ಳಿದರು. ಅಧಿಕಾರಿಯ ಸೋಗಿನಲ್ಲಿ ಬೆದರಿಸುತ್ತಿದ್ದ ವಂಚಕನ ಕರೆ ಅಲ್ಲಿಗೆ ಕಡಿಯಿತು, ಆ ಮಹಿಳೆಯ ಜೀವಮಾನದ ಉಳಿತಾಯ ಉಳಿಯಿತು. ಅಕ್ಷರ, ಅಂಕಿ, ಸಹಿ ಎಲ್ಲವೂ ಸರಿಯಿದ್ದ ಒಂದು ಅರ್ಜಿಯಲ್ಲಿ ಭಯವನ್ನು ಓದಿದವರು ಇವರು. ನಾನು ಅವರ ಶ್ರದ್ಧೆಯೆಂದು ಕರೆಯುವುದು ಈ ಗಮನವನ್ನೇ: ಕಾಗದವನ್ನು ಪೂರ್ತಿ ನೋಡುವುದು, ಆಮೇಲೆ ಅದನ್ನು ಹಿಡಿದು ನಿಂತವರನ್ನೂ ಪೂರ್ತಿ ನೋಡುವುದು.

ಠೇವಣಿ ಅರ್ಜಿಯಲ್ಲಿ ನಾಮಿನಿಯ ಕಾಲಂ ಖಾಲಿಯಿದ್ದರೆ ಅವರು ಒಂದು ಮಾತು ಕೇಳದೆ ಮುಂದಕ್ಕೆ ಕಳುಹಿಸುತ್ತಿರಲಿಲ್ಲವೆಂಬುದು ನಿಮಗೆಲ್ಲ ಗೊತ್ತು. ದುಃಖದಲ್ಲಿರುವ ಮನೆಯವರು ಮುಂದೊಂದು ದಿನ ದಾಖಲೆಗಳಿಗಾಗಿ ಅಲೆಯಬಾರದೆಂಬ ಕಾಳಜಿ ಅದು.

ಲೆಡ್ಜರುಗಳ ಕಾಲದಲ್ಲಿ ಕೆಲಸಕ್ಕೆ ಸೇರಿದವರು ಅವರು. ಬಡ್ಡಿಯನ್ನು ಕೈಯಲ್ಲೇ ಲೆಕ್ಕಹಾಕಿ, ಪುಟದ ಮೊತ್ತವನ್ನು ಮುಂದಿನ ಪುಟಕ್ಕೆ ಒಯ್ದು ಬರೆಯುತ್ತಿದ್ದ ಕಾಲ. ಗಣಕಯಂತ್ರ ಬಂದಾಗ ಅವರ ವಯೋಮಾನದ ಕೆಲವರಿಗೆ ಆತಂಕವಾಯಿತು, ಅವರಿಗೂ ಆಯಿತೆಂದು ಅವರೇ ಹೇಳಿದ್ದಾರೆ. ಆದರೆ ತಮಗಿಂತ ಹದಿನೈದು ವರ್ಷ ಚಿಕ್ಕವರ ಪಕ್ಕದಲ್ಲಿ ಕುಳಿತು, ಟಿಪ್ಪಣಿ ಮಾಡಿಕೊಂಡು, ಕೇಳಿದ್ದನ್ನೇ ಮತ್ತೆ ಕೇಳಿ ಕಲಿತರು. ಹಳೆಯ ಪುಸ್ತಕಗಳಿಂದ ಹೊಸ ವ್ಯವಸ್ಥೆಗೆ ಖಾತೆಗಳನ್ನು ವರ್ಗಾಯಿಸುವಾಗ ಪ್ರತಿ ಖಾತೆಯ ಶಿಲ್ಕನ್ನು ಲೆಡ್ಜರಿನೊಂದಿಗೆ ಹೋಲಿಸಿ ನೋಡಿದವರಲ್ಲಿ ಅವರೂ ಒಬ್ಬರು. ಚೆನ್ನಾಗಿ ಕಲಿಸುವವರು ಚೆನ್ನಾಗಿ ಕಲಿಯುವವರೂ ಆಗಿರುತ್ತಾರೆ ಎಂಬುದಕ್ಕೆ ನನಗೆ ಬೇರೆ ಉದಾಹರಣೆ ಬೇಕಿಲ್ಲ.

ಅವರು ಬಡ್ತಿಯನ್ನು ಎರಡು ಬಾರಿ ನಿರಾಕರಿಸಿದ ವಿಷಯವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದನ್ನು ಮಹತ್ವಾಕಾಂಕ್ಷೆಯ ಕೊರತೆಯೆಂದು ಅರ್ಥೈಸಿದವರಿದ್ದಾರೆ. ಮೊದಲ ಸಲ ಮನೆಯಲ್ಲಿ ಅತ್ತೆಯವರು ಹಾಸಿಗೆ ಹಿಡಿದಿದ್ದರು, ವರ್ಗಾವಣೆ ಸಾಧ್ಯವಿರಲಿಲ್ಲ. ಎರಡನೆಯ ಸಲ ಅಂಥ ಅಡ್ಡಿ ಇರಲಿಲ್ಲ. ಕೌಂಟರಿನ ಕೆಲಸ ನನಗೆ ಇಷ್ಟ, ಇದನ್ನು ನಾನು ಚೆನ್ನಾಗಿ ಬಲ್ಲೆ ಎಂದು ನೇರವಾಗಿ ಬರೆದುಕೊಟ್ಟರು. ಅವರ ಬಳಿ ಕೆಲಸ ಕಲಿತ ಏಳು ಮಂದಿ ಇಂದು ಅಧಿಕಾರಿಗಳಾಗಿದ್ದೇವೆ. ಅವರಲ್ಲಿ ಮೂವರು ಈ ಸಭೆಯಲ್ಲಿದ್ದೇವೆ. ಕಡತಗಳಿಗೆ ನಾವು ಹಾಕುವ ಸಹಿಯ ಹಿಂದೆ ಅವರು ಕಲಿಸಿದ ಎಚ್ಚರವಿದೆ. ಅವರ ಹುದ್ದೆಯ ಹೆಸರು ಮೂವತ್ತೇಳು ವರ್ಷವೂ ಬದಲಾಗಲಿಲ್ಲ ಎಂಬುದನ್ನು ನಾನು ಅಪಾರ ಗೌರವದಿಂದ ಹೇಳುತ್ತಿದ್ದೇನೆ.

ಕುಟುಂಬದವರಿಗೆ ಒಂದು ಮಾತು. ವರ್ಷಾಂತ್ಯದ ಲೆಕ್ಕದ ದಿನಗಳಲ್ಲಿ ನೀವು ಅವರಿಗಾಗಿ ಕಾದಿದ್ದೀರಿ, ಹಲವು ಸಮಾರಂಭಗಳಿಗೆ ಅವರಿಲ್ಲದೆ ಹೋಗಿದ್ದೀರಿ. ಶಾಖೆಯ ಪರವಾಗಿ ನಿಮಗೆ ಹೃತ್ಪೂರ್ವಕ ಕೃತಜ್ಞತೆಗಳು.

ಸುಶೀಲಾ ಅವರೇ, ಇಂದು ಸಂಜೆ ನಿಮ್ಮ ಕೌಂಟರಿನ ನಗದು ಮೊದಲ ಎಣಿಕೆಯಲ್ಲೇ ತಾಳೆಯಾಯಿತೆಂದು ಕ್ಯಾಷಿಯರ್ ತಿಳಿಸಿದರು. ಕೀಲಿಯನ್ನು ಒಪ್ಪಿಸಿ ನೀವು ರಿಜಿಸ್ಟರಿನಲ್ಲಿ ಸಹಿ ಮಾಡುವಾಗ ನಾನು ಪಕ್ಕದಲ್ಲೇ ಇದ್ದೆ, ಆದರೆ ಏನನ್ನೂ ಹೇಳಲಾಗಲಿಲ್ಲ. ಈಗ ಹೇಳುತ್ತಿದ್ದೇನೆ: ನನಗೆ ಕೆಲಸ ಕಲಿಸಿದ್ದಕ್ಕೆ, ಆ ಸಂಜೆ ಬಸ್ಸನ್ನು ಬಿಟ್ಟು ಕುಳಿತದ್ದಕ್ಕೆ ಧನ್ಯವಾದಗಳು. ನಿಮ್ಮ ಮುಂದಿನ ದಿನಗಳು ಆರೋಗ್ಯದಿಂದ, ನೆಮ್ಮದಿಯಿಂದ ಕೂಡಿರಲಿ ಎಂದು ನಾವೆಲ್ಲರೂ ಹಾರೈಸುತ್ತೇವೆ. ಕಳೆದ ತಿಂಗಳು ಸೇರಿದ ನಮ್ಮ ಹೊಸ ಸಹೋದ್ಯೋಗಿ ಸೋಮವಾರದಿಂದ ನಿಮ್ಮ ಕೌಂಟರಿನಲ್ಲಿ ಕೂರುತ್ತಾರೆ, ನೀಲಿ ನೋಟ್‌ಬುಕ್ಕನ್ನು ಅವರ ಕೈಗೆ ನೀವೇ ಕೊಡಬೇಕೆಂಬುದು ನಮ್ಮೆಲ್ಲರ ಕೋರಿಕೆ. ದಯವಿಟ್ಟು ವೇದಿಕೆಗೆ ಬನ್ನಿ.